ಅತ್ತಿಗೆ ಹೊಡೆದುಹಾಕಿದ ಸಾಲು

ನಮ್ಮ ಅತ್ತಿಗೆಯ ಲಾಂಡ್ರಿಗೆ ತಂದ, ಹಬೆಯಿಂದ ಇಸ್ತ್ರಿ ಮಾಡುವ ಹೊಸ ಸ್ಟೀಮ್ ಪ್ರೆಸ್ ತಿಂಗಳೊಳಗೇ ಕೈಕೊಟ್ಟಿತು. ಅದರ ಮುಚ್ಚಳ ತಾನಾಗಿ ಬಿದ್ದು, ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವ ಕೆಲಸದಾಕೆಯ ಅಂಗೈ ಸುಟ್ಟಿತು. ಮಾರಿದವರು ಹಣ ಹಿಂದಿರುಗಿಸಲು ಒಪ್ಪದಿದ್ದಾಗ ಅತ್ತಿಗೆ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಟ್ಟರು.

ಕೊನೆಗೆ ಮಾರಿದವರೇ ರಾಜಿಗೆ ಕರೆದರು. ಅತ್ತಿಗೆಯ ಜೊತೆಗೆ ನಾನೂ ಹೋದೆ.

"ಅರ್ಧ ಹಣ ವಾಪಸ್ ಕೊಡ್ತೀವಿ, ಯಂತ್ರ ನಾವೇ ಒಯ್ತೀವಿ. ನೀವು ದೂರು ವಾಪಸ್ ತಗೊಳ್ಳಿ," ಎಂದು ವ್ಯಾಪಾರಿ ರಾಜಿಪತ್ರ ಮುಂದಿಟ್ಟ.

"ಅತ್ತಿಗೆ, ಬಂದಷ್ಟು ಬರಲಿ, ಸಹಿ ಹಾಕಿಬಿಡಿ," ಎಂದು ನಾನು ಪಿಸುಗುಟ್ಟಿದೆ.

ಅತ್ತಿಗೆ ಅದನ್ನು ನಿಧಾನವಾಗಿ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಮ್ಮ ಕೆಲಸದವರೂ ಗಾಯಕ್ಕೆ ಪರಿಹಾರ ಕೇಳಬಾರದು ಅಂತಿದೆಯಲ್ಲ?"

"ಎಲ್ಲ ಒಂದೇ ಸಲ ಮುಗೀಲಿ ಅಂತ," ಎಂದ ವ್ಯಾಪಾರಿ.

"ನನ್ನ ನಷ್ಟ ನಾನು ಬಿಟ್ಟುಕೊಡಬಹುದು. ಸುಟ್ಟದ್ದು ಚಿಕ್ಕಮ್ಮನ ಕೈ. ಅದನ್ನ ಬಿಟ್ಟುಕೊಡೋಕೆ ನಾನ್ಯಾರು?"

"ಆ ಸಾಲು ತೆಗೆದರೆ ಮೂರನೇ ಒಂದು ಭಾಗ ಅಷ್ಟೇ ಕೊಡೋದು," ಎಂದ ಅವನು.

ಬೇಡವೆಂದು ನಾನು ಅತ್ತಿಗೆಯ ತೋಳು ಹಿಡಿದೆ. ಅತ್ತಿಗೆ ಮಾತ್ರ ಪೆನ್ನು ಕೈಗೆತ್ತಿಕೊಂಡರು.

"ಆಗಲಿ. ಆದರೆ ಹಣ ಖಾತೆಗೆ ಬಂದಮೇಲೇ ನಾನು ದೂರು ವಾಪಸ್ ತಗೊಳ್ಳೋದು. ಅದನ್ನೂ ಬರೀರಿ."

ವ್ಯಾಪಾರಿ ಅದನ್ನು ಬರೆದ; ಅತ್ತಿಗೆ ಗಾಯದ ಪರಿಹಾರದ ಸಾಲು ಹೊಡೆದುಹಾಕಿದರು; ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದರು.

ಹಣ ಬಂತು, ಅತ್ತಿಗೆಯ ದೂರು ಮುಗಿಯಿತು. ಚಿಕ್ಕಮ್ಮ ಮಾರಿದವರ ಮೇಲೆ ಹಾಕಿದ ಪರಿಹಾರದ ಕೇಸು ಈಗಲೂ ನಡೆಯುತ್ತಿದೆ. ವಿಚಾರಣೆಯ ದಿನ ಅತ್ತಿಗೆ ಲಾಂಡ್ರಿಗೆ ಬೀಗ ಹಾಕಿ, ಸಾಕ್ಷಿ ಹೇಳಲು ಅವರ ಜೊತೆ ಹೊರಡುತ್ತಾರೆ.