ಬರಹಕ್ಕೆ ಇಳಿಯದ ನಗು

ನಿತ್ಯಾನಂದ ಮಾಸ್ತರರ ಬಾಯಿಗೆ ಬ್ರೇಕಿಲ್ಲ ಎಂದು ಬೋಟಿನವರೆಲ್ಲ ಗೇಲಿ ಮಾಡುತ್ತಾರೆ. ಆದರೆ ಅವರು ಮಾತಿಗೆ ನಿಂತರೆ ಒಬ್ಬನೂ ಎದ್ದು ಹೋಗುವುದಿಲ್ಲ. ಮೀನುಗಾರಿಕೆ ತರಬೇತಿ ಕೊಟ್ಟು ನಿವೃತ್ತರಾದ ಮನುಷ್ಯ. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಮೊದಲು, ಮುರ್ಡೇಶ್ವರದ ಸಭೆಯೊಂದರಲ್ಲಿ ಬೋಟಿನ ಸುರಕ್ಷತೆಯ ಬಗ್ಗೆ ಮೂರು ತಾಸು ಉಪನ್ಯಾಸ ಬಿಗಿದರು. ಕುಮಟೆಯ ಮೀನುಗಾರರ ಸಂಘದವರು ಅದನ್ನು ರೆಕಾರ್ಡ್ ಮಾಡಿಕೊಂಡರು.

ಮೂರು ತಾಸಿನ ವೀಡಿಯೊ ಯಾರು ನೋಡುತ್ತಾರೆ? ಅದಕ್ಕೊಂದು ಸಾರಾಂಶ ಬೇಕು, ಯಾವ ವಿಷಯ ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಅಧ್ಯಾಯಗಳ ಗುರುತು ಬೇಕು. ಆ ಕೆಲಸ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸೌಜನ್ಯಾಳ ತಲೆಗೆ ಬಂತು. ತದಡಿಯ ಹುಡುಗಿ, ಅಪ್ಪ ದಾಸ ಬೋಟು ನಡೆಸುವ ತಾಂಡೇಲ, ತಮ್ಮ ದೇವು ಅದೇ ಬೋಟಿನಲ್ಲಿ ಕೆಲಸಕ್ಕೆ. ಸಭೆಗೆ ಅವಳು ಹೋಗಿರಲಿಲ್ಲ. ಕಂಪ್ಯೂಟರೇ ಮಾತನ್ನೆಲ್ಲ ಬರಹಕ್ಕಿಳಿಸಿ, ಪಕ್ಕದಲ್ಲಿ ಸಮಯವನ್ನೂ ಹಾಕಿಕೊಟ್ಟಿತ್ತು. ಅದನ್ನು ಓದಿ, ಕೆಟ್ಟಿದ್ದ ಹೆಸರುಗಳನ್ನು ತಿದ್ದಿದಳು. ಒಂದೇ ಸಲಕ್ಕೆ ಕೊಟ್ಟರೆ ಬರಹ ತೀರಾ ಉದ್ದವಾಗುತ್ತಿತ್ತು. ಅದಕ್ಕೇ ತುಂಡು ತುಂಡು ಮಾಡಿ, ಕಂಪ್ಯೂಟರಿನಲ್ಲೇ ಸಾರಾಂಶ ಬರೆದುಕೊಡುವ ಎಐ ಯಂತ್ರಕ್ಕೆ ಉಣಿಸಿದಳು. ಪ್ರತಿ ತುಂಡಿಗೂ ಅದು ನಾಲ್ಕಾರು ಸಾಲು ಬರೆದುಕೊಟ್ಟಿತು. ಅವನ್ನು ಜೋಡಿಸಿ, ಬರಹದಲ್ಲಿದ್ದ ಸಮಯಗಳನ್ನೇ ಅಧ್ಯಾಯಗಳಿಗೆ ಹಚ್ಚಿ ಮುಗಿಸಿದಳು. ಇಡೀ ಧ್ವನಿಯನ್ನು ಕೂತು ಕೇಳಲಿಲ್ಲ. ಅಷ್ಟು ಪುರಸೊತ್ತು ಯಾರಿಗಿದೆ ಎಂದು ಅವಳೇ ಅಂದುಕೊಂಡಿದ್ದಳು, ಪಾಪ.

ಸಂಘದ ಕಾರ್ಯದರ್ಶಿ ಸುಧಾಕರ ಬೆಳಿಗ್ಗೆಯೇ ವೀಡಿಯೊ ಇಂಟರ್ನೆಟ್ಟಿಗೆ ಏರಿಸಿ, ಸಾರಾಂಶವನ್ನು ಭಟ್ಕಳದಿಂದ ತದಡಿಯವರೆಗಿನ ವಾಟ್ಸ್ಯಾಪ್ ಗುಂಪುಗಳಿಗೆಲ್ಲ ಹರಿಬಿಟ್ಟ. ಅರ್ಧ ತಾಸಿನಲ್ಲಿ ಹೊನ್ನಾವರದಿಂದ ಒಬ್ಬನ ಫೋನು ಬಂತು: “ಮೀನಿನ ಸ್ಟೋರೇಜು ಅಂತ ಬರದದ್ದು ಒತ್ತಿದ್ರೆ ಲೈಫ್ ಜಾಕೆಟ್ ಕತೆ ಬತ್ತದಲ್ಲ, ಇದೆಂತ?”

ಸೌಜನ್ಯಾ ಒತ್ತಿ ನೋಡಿದಳು. ನಿಜವೇ.

“ಸುಧಾಕರಣ್ಣ, ವೀಡಿಯೊಗೆ ನೀವೆಂತಾದ್ರೂ ಮಾಡಿದ್ರಾ?”

“ನಡುವೆ ಚಾ ಕುಡಿಯೂಕೆ ಬಿಟ್ಟದ್ದು ಇತ್ತಲ್ಲ, ಆ ಹದಿನೆಂಟು ನಿಮಿಷ ಕತ್ತರಿಸ್ದೆ. ಲೋಟದ ಸದ್ದು ಯಾರು ಕೇಳ್ತಾರೆ?”

ಕತ್ತರಿಸಿದ್ದು ಸರಿಯೇ, ಹೇಳದೆ ಕತ್ತರಿಸಿದ್ದು ತಪ್ಪು. ಅವಳ ಸಮಯಗಳು ಕತ್ತರಿಸುವ ಮೊದಲಿನ ರೆಕಾರ್ಡಿನವು. ಚಾ ಆದ ಮೇಲಿನ ಪ್ರತಿ ಅಧ್ಯಾಯವೂ ಹದಿನೆಂಟು ನಿಮಿಷ ಹಿಂದಕ್ಕೆ ಬರಬೇಕು. ಕಳೆದು ಬರೆದರೆ ಆತು ಎಂದುಕೊಂಡು, ಲೆಕ್ಕ ಸರಿಯೋ ಎಂದು ನೋಡಲು ಬೋಟಿನ ತಳದಲ್ಲಿ ಮೀನು ತುಂಬುವ ಆ ಸ್ಟೋರೇಜಿನ ಮಾತು ಬರುವಲ್ಲಿಗೇ ವೀಡಿಯೊ ಓಡಿಸಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು.

ಮಾಸ್ತರರ ದನಿ ಬಂತು. ಅದು ಅವರು ಬೇರೆಯವರ ನಕಲು ಮಾಡುವಾಗಿನ ರಾಗದ ದನಿ. “ಸ್ಟೋರೇಜು ತಿಂಗಳುಗಟ್ಟಲೆ ಮುಚ್ಚಿತ್ತಾ? ಒಳಗೆ ಮೀನಿನ ನೀರು ಕೊಳೆತದ್ಯಾ? ಹೆದ್ರಬೇಡಿ! ಒದ್ದೆ ಬಟ್ಟೆ ಮೂಗಿಗೆ ಕಟ್ಟಿ, ಉಸಿರು ಹಿಡೀರಿ, ಇಳೀರಿ. ಯಾರಾದ್ರೂ ಬಿದ್ರೆ ಇನ್ನೊಬ್ಬ ಇಳೀರಿ!” ಸಭೆ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಮಾಸ್ತರರ ದನಿ ಬೇರೆಯೇ ಆಯಿತು. “ಹಿಂಗೇ ಇಳ್ದು ಒಂದೇ ಮನೆಯ ಮೂವರು ಹೋದ್ರು. ಆ ವಿಷಗಾಳಿಗೆ ಒದ್ದೆ ಬಟ್ಟೆ ಲೆಕ್ಕಕ್ಕೇ ಇಲ್ಲ. ಮುಚ್ಚಳ ಎಲ್ಲ ತೆಗೀರಿ, ಬ್ಲೋವರ್‌ನಿಂದ ಗಾಳಿ ಊದಿ. ಬಿದ್ದವ ನಿಮ್ಮ ಮಗನೇ ಆಗ್ಲಿ, ಇಳೀಬೇಡಿ. ಮೇಲಿಂದ್ಲೇ ಎಳೀರಿ.”

ಸೌಜನ್ಯಾ ಇಯರ್‌ಫೋನ್ ಕಿತ್ತಿಟ್ಟಳು. ಸಾರಾಂಶ ತೆಗೆದಳು. ಅಲ್ಲಿ ಅಚ್ಚುಕಟ್ಟಾಗಿ ಕೂತಿತ್ತು: ‘ಸ್ಟೋರೇಜಿಗೆ ಇಳಿಯುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಉಸಿರು ಹಿಡಿದು ಇಳಿಯಬೇಕು. ಯಾರಾದರೂ ಬಿದ್ದರೆ ಇನ್ನೊಬ್ಬರು ಇಳಿದು ಎತ್ತಬೇಕು.’ ಅವಳು ಬರಹವನ್ನು ತುಂಡು ಮಾಡಿದ್ದು ಸರಿಯಾಗಿ ನಗು ಇದ್ದ ಜಾಗದಲ್ಲಿ. ನಕಲು ಒಂದು ತುಂಡಿನ ಕೊನೆಗೆ, ಎಚ್ಚರಿಕೆ ಮುಂದಿನ ತುಂಡಿನ ಮೊದಲಿಗೆ. ಮೊದಲನೆಯದನ್ನು ಯಂತ್ರ ಉಪದೇಶವೆಂದೇ ನಂಬಿತು. ಎರಡನೆಯದರಿಂದ ‘ಗಾಳಿಯಾಡಲು ಬಿಡಬೇಕು’ ಎಂಬ ಸಪ್ಪೆ ಸಾಲು ತೆಗೆದು, ನಾಲ್ಕು ಅಂಶಗಳ ಕೆಳಗೆ ಎಲ್ಲೋ ಇಟ್ಟಿತ್ತು. ನಗು ಬರಹಕ್ಕೆ ಇಳಿದೇ ಇರಲಿಲ್ಲ. ಓದಿದ್ದು ಅವಳೇ, ಓದಿಯೂ ಬಿಟ್ಟದ್ದು ಅವಳೇ.

“ಅಳಿಸಿ ಸುಧಾಕರಣ್ಣ, ಎಲ್ಲಾ ಗುಂಪಿಂದ ಅಳಿಸಿ!”

“ಅಳಿಸ್ಬಹುದು. ಜನ ಮುಂದೆ ಕಳ್ಸಿ ಆಗಿದ್ರೆ ಅದು ನಮ್ ಕೈಲಿಲ್ಲ,” ಎಂದ ಸುಧಾಕರ, ಒಂದೊಂದೇ ಗುಂಪು ತೆರೆದು ಅಳಿಸುತ್ತ.

ಅಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪಾಯಿತು. ಇವತ್ತು ಅಪ್ಪನ ಬೋಟಿನ ಸ್ಟೋರೇಜು ತೊಳೆಯುವ ದಿನ. ಅಪ್ಪನಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ದೇವುವಿನದೂ ಹಾಗೆಯೇ. ತದಡಿಯ ಬಂದರಿನಲ್ಲಿ ಮೀನು ಆರಿಸುವ ಗಂಗಿ ಚಿಕ್ಕಿ ಫೋನನ್ನು ಸೆರಗಿಗೆ ಕಟ್ಟಿಕೊಂಡೇ ಇರುತ್ತಾಳೆ; ಅವಳಿಗೆ ಹಚ್ಚಿದಳು.

“ಅಯ್ಯೋ ಮಗಾ!” ಗಂಗಿ ಅಳುತ್ತಿದ್ದಳು. “ಸ್ಟೋರೇಜಿನ ನೀರೆತ್ತೂ ಪಂಪಿಗೆ ಕಸ ಸಿಕ್ಕಿತ್ತು ಅಂತ ದೇವು ಇಳ್ದ, ಕೆಳಗೇ ಬಿದ್ದ. ನಿನ್ನಪ್ಪ ಬಟ್ಟೆ ಒದ್ದೆ ಮಾಡ್ತಾ ಇದಾನೆ!”

“ಅಪ್ಪಂಗೆ ಕೊಡು ಚಿಕ್ಕಿ! ಇಳೂಕೆ ಬಿಡ್ಬೇಡ!”

ಗದ್ದಲದ ನಡುವೆ ದಾಸನ ಏದುಸಿರು ಕೇಳಿಸಿತು. “ಎಂತದು? ಬಿಡು, ಮಗ ಬಿದ್ದಿದಾನೆ.”

“ಅಪ್ಪ, ಇಳೀಬೇಡ. ಇಳ್ದರೆ ನೀನೂ ಬೀಳ್ತೆ.”

“ನೀನೇ ಬರ್ದೀಯಲ್ಲ! ಒದ್ದೆ ಬಟ್ಟೆ ಕಟ್ಟಿ ಇಳೀರಿ ಅಂತ! ಅಕ್ಕ ಬರ್ದದ್ದು ಅಂತ ಅವ ಓದಿ ಹೇಳಿಯೇ ಇಳ್ದ!”

“ಅದು ತಪ್ಪು ಅಪ್ಪ! ನಾ ತಪ್ಪು ಬರ್ದೆ! ಮಾಸ್ತರರು ಹೇಳ್ದದ್ದು ಇಳೀಬೇಡಿ ಅಂತ!”

ಆ ಕಡೆ ಯಾರೋ ‘ದಾಸಣ್ಣ, ಹೊತ್ತಿಲ್ಲ’ ಎಂದು ಕೂಗಿದರು. ಕೆಳಗೆ ಬಿದ್ದಿರುವವನು ತನ್ನ ತಮ್ಮ. ಅವನ ಹತ್ತಿರ ಹೋಗಬೇಡ ಎಂದು ಹೆತ್ತವನಿಗೆ ಹೇಳುತ್ತಿರುವವಳು ತಾನು. ಆದರೂ ಬಿಡಲಿಲ್ಲ.

“ಮುಚ್ಚಳ ಎಲ್ಲಾ ತೆಗೀಲಿ. ಪಕ್ಕದ ಬೋಟಿನ ಬ್ಲೋವರ್ ತಂದು ಗಾಳಿ ಊದಲಿ. ಕೊಕ್ಕೆ ಇದ್ದ ಗಳ ಇಳಿಸಿ, ಅವನ ಬೆಲ್ಟಿಗೆ ಸಿಕ್ಕಿಸಿ ಮೇಲಿಂದ್ಲೇ ಎಳೀರಿ. ಅಪ್ಪ, ನಿನ್ನ ದಮ್ಮಯ್ಯ, ನಿಂತ್ಕೋ!”

ಫೋನು ಯಾವುದರ ಮೇಲೋ ಬಿದ್ದ ಸದ್ದಾಯಿತು. ಬ್ಲೋವರ್ ಗರ್ರೆಂದಿತು. ಬೈಗುಳ, ಕೂಗು, ಗಳ ಮರಕ್ಕೆ ಬಡಿದ ಸದ್ದು. ಒಮ್ಮೆ ಕೊಕ್ಕೆ ಜಾರಿತೆಂದು ಯಾರೋ ಅರಚಿದರು. ಸುಧಾಕರ ಇನ್ನೊಂದು ಫೋನಿನಲ್ಲಿ ಆಂಬುಲೆನ್ಸ್ ಕರೆಯುತ್ತಿದ್ದ. ಸೌಜನ್ಯಾ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಕೊನೆಗೆ ಗಂಗಿಯ ದನಿ ಬಂತು: “ಬಂದ ಮಗಾ, ಮೇಲೆ ಬಂದ. ಉಸ್ರು ಆಡ್ತದೆ.”

ಮಧ್ಯಾಹ್ನ ಕುಮಟೆಯ ಆಸ್ಪತ್ರೆಗೆ ಅವಳು ಹೋದಾಗ ದೇವುವಿನ ಮುಖಕ್ಕೆ ಆಕ್ಸಿಜನ್ ಹಚ್ಚಿದ್ದರು. ಕಣ್ಣು ಬಿಟ್ಟು ಅಕ್ಕನನ್ನು ಗುರುತಿಸಿದ. ಗಂಡಾಂತರ ಕಳೆದಿದೆ ಎಂದು ಡಾಕ್ಟರು ಹೇಳಿದರು. ದಾರಿಯಲ್ಲೇ ಅವಳು ಎಲ್ಲ ಗುಂಪುಗಳಿಗೂ ಮಾಸ್ತರರ ಆ ಎರಡು ನಿಮಿಷದ ಧ್ವನಿಯನ್ನು, ನಗುವಿನ ಸಮೇತ, ಕಳಿಸಿದ್ದಳು. ಕೆಳಗೆ ತನ್ನ ಹೆಸರು ಹಾಕಿ, ಸಾರಾಂಶ ತಪ್ಪು ಎಂದು ಬರೆದಿದ್ದಳು.

ದಾಸ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬೈಯಲಿ, ಎರಡು ಬಾರಿಸಲಿ ಎಂದು ಕಾದು ಅವಳು ಪಕ್ಕದಲ್ಲಿ ಕೂತಳು. ಅವನು ಬೈಯಲಿಲ್ಲ.

“ಅವ ಬದುಕ್ದ, ಆತು,” ಎಂದ. “ಆದ್ರೆ ಅವ ಕೆಳಗೆ ಬಿದ್ದಿದ್ದ, ನಾ ಮೇಲೆ ನಿಂತ್ಕಂಡೇ ಇದ್ದೆ. ನೀ ಹೇಳ್ದದ್ದು ಸರಿಯೇ. ಆ ನಿಂತದ್ದನ್ನ ನಾ ಎಂತ ಮಾಡೂದು, ಮಗಾ?”