ತೊಂಬತ್ತಮೂರು ಅಂಕದ ಎಲೆ

ಅವಳಿಗೆ ಗಿಡಗಳ ಗುರುತು ಇರಲಿಲ್ಲ. ಮೃಗಾಲಯದ ಟಿಕೆಟ್ ಕಿಟಕಿಯಲ್ಲಿ ವರ್ಷಗಟ್ಟಲೆ ಕೂತಿದ್ದವಳನ್ನು, ಹಳೇ ಉಸ್ತುವಾರಿಯವನು ನಿವೃತ್ತನಾದ ಮೇಲೆ, ಮೇವಿನ ಮನೆಗೆ ಹಾಕಿದ್ದರು. ಯಾವ ಪ್ರಾಣಿಗೆ ಯಾವ ಸೊಪ್ಪು ಹಾಕಬಹುದು ಅನ್ನುವ ಪಟ್ಟಿ ಗೋಡೆ ಮೇಲಿತ್ತು. ಪಟ್ಟಿಯಲ್ಲಿದ್ದ ಹೆಸರುಗಳು ಅವಳಿಗೆ ಓದಲು ಬರುತ್ತಿದ್ದವು, ಬಂದು ಬಿದ್ದ ಸೊಪ್ಪು ಅದರಲ್ಲಿ ಯಾವುದು ಅಂತ ಮಾತ್ರ ತಿಳಿಯುತ್ತಿರಲಿಲ್ಲ.

ಅದಕ್ಕೇ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡಳು. ಎಲೆಯ ಫೋಟೋ ತೆಗೆದರೆ ಹೆಸರು ಹೇಳುತ್ತಿತ್ತು, ಪಕ್ಕದಲ್ಲಿ ನೂರಕ್ಕೆ ಇಷ್ಟು ಅಂತ ಒಂದು ಅಂಕಿಯನ್ನೂ ತೋರಿಸುತ್ತಿತ್ತು. ಬಿಳಿ ತಟ್ಟೆಯ ಮೇಲೆ ಒಂದೇ ಎಲೆ ಇಟ್ಟು ತೆಗೆದರೆ ಅಂಕಿ ಏರುತ್ತದೆ ಅಂತ ಅವಳು ಬೇಗ ಕಂಡುಕೊಂಡಳು. ತೊಂಬತ್ತರ ಮೇಲೆ ಬಂದು, ಹೆಸರು ಗೋಡೆಯ ಪಟ್ಟಿಯಲ್ಲಿದ್ದರೆ ಸೊಪ್ಪು ಒಳಗೆ, ಇಲ್ಲದಿದ್ದರೆ ಹೊರಗೆ. ಇದು ಅವಳೇ ಮಾಡಿಕೊಂಡ ನಿಯಮ. ಎರಡು ತಿಂಗಳು ಏನೂ ಕೆಡಲಿಲ್ಲ. ಬರುತ್ತಿದ್ದ ಸೊಪ್ಪೆಲ್ಲ ಒಂದೇ ತೋಟದ್ದು, ಆಪ್ ಇಲ್ಲದಿದ್ದರೂ ಏನೂ ಕೆಡುತ್ತಿರಲಿಲ್ಲ ಅನ್ನುವುದು ಅವಳಿಗೆ ಹೊಳೆಯಲಿಲ್ಲ.

ಆ ದಿನ ತೋಟದ ಲಾರಿ ಕೆಟ್ಟಿತ್ತು. ಬದಲಿಗೆ ಯಾವುದೋ ಬಡಾವಣೆಯ ಬೇಲಿ ಕತ್ತರಿಸಿದ ರೆಂಬೆಗಳು ಬಂದವು. ಅವಳು ಬರುವಷ್ಟರಲ್ಲಿ ಕೆಲಸದವರು ಎಲೆಗಳನ್ನು ಸವರಿ ಮೂಟೆಗೆ ತುಂಬಿ, ಬೋಳು ಕಡ್ಡಿಗಳನ್ನು ಹಿತ್ತಲಿಗೆ ಎಸೆದಿದ್ದರು. ಕಡ್ಡಿ ಪ್ರಾಣಿಗಳ ಬಾಯಿಗೆ ಚುಚ್ಚುತ್ತದೆಂದು ಹಾಗೆ ಮಾಡುವುದು ಅಲ್ಲಿನ ವಾಡಿಕೆ. ಉದ್ದನೆಯ, ಚೂಪು ತುದಿಯ ಎಲೆ. ತಟ್ಟೆಯ ಮೇಲಿಟ್ಟು ಫೋಟೋ ತೆಗೆದಳು. ಹೊಳೆದಂಡೆಯಲ್ಲಿ ಬೆಳೆಯುವ ನೀರಂಜಿ ಅಂತ ಬಂತು. ತೊಂಬತ್ತಮೂರು. ನೀರಂಜಿ ಪಟ್ಟಿಯಲ್ಲಿತ್ತು.

ಜಿಂಕೆ ಆವರಣ ನೋಡಿಕೊಳ್ಳುವವನು ಅವಳ ಸೋದರಮಾವ. ಅವನು ಇಣುಕಿ ನೋಡಿ ಹುಬ್ಬೇರಿಸಿದ.

“ನನಗೆ ಒಂದು ಪರೀಕ್ಷೆಯಲ್ಲೂ ಇಷ್ಟು ಬಂದಿರಲಿಲ್ಲ ಕಣೇ. ಓದದೆ ಬರೆಯದೆ ಎಲೆಗೆ ಬಂತು ನೋಡು.”

“ನೀವು ಬರೆದಿದ್ದರೆ ತಾನೇ ಮಾವ ಬರೋದು? ಅತ್ತೆ ಎಲ್ಲಾ ಹೇಳಿದಾರೆ.”

“ನಿಮ್ಮತ್ತೆಗೆ ಬೇರೆ ಕೆಲಸ ಇಲ್ಲ. ಮುದುಕಿಗೆ ಮೊದಲು ಕೊಡು, ಬೆಳಗಿಂದ ಕಾಯ್ತಿದಾಳೆ.”

ಮುದುಕಿ ಅಂದರೆ ಹಲ್ಲು ಸವೆದ ಹೆಣ್ಣು ಜಿಂಕೆ. ಕುಂಟುವ ಒಂದು ಮರಿಯ ಜೊತೆ ಅದನ್ನು ಬೇರೆ ದೊಡ್ಡಿಯಲ್ಲಿ ಇಟ್ಟಿದ್ದರು. ಅಗಿಯಲಾರದ್ದರಿಂದ ಅದರ ಸೊಪ್ಪನ್ನು ಸಣ್ಣಗೆ ಕೊಚ್ಚಿ, ಬೂಸಾ ಮತ್ತು ಬೆಲ್ಲದ ನೀರಿನಲ್ಲಿ ಕಲಸಿ ಕೊಡಬೇಕು. ಅವಳು ಕಲಸಿ ಕೊಟ್ಟಳು, ಮಾವ ಬಕೆಟ್ ಹಿಡಿದು ಹೋದ. ಉಳಿದ ಹಿಂಡಿನ ಮಧ್ಯಾಹ್ನದ ಮೇವಿಗಾಗಿ ಮೂಟೆಗಳನ್ನು ಸಾಲಾಗಿ ಜೋಡಿಸಿದಳು.

ಸ್ವಲ್ಪ ಹೊತ್ತಿಗೆ ಅವನು ಖಾಲಿ ಬಕೆಟ್ ತೂಗಾಡಿಸುತ್ತಾ ವಾಪಸು ಬಂದ.

“ತಿಂದಳಾ?”

“ತಿಂದಳು. ಆದರೆ ಬಕೆಟ್ಟಿನ ಹೊರಗೆ ಅಂಟಿ ಬಂದು ಉದುರಿದ್ದ ಎರಡು ಇಡೀ ಎಲೆ ಮೂಸಿ ಬಿಟ್ಟುಬಿಟ್ಟಳು. ಬೆಲ್ಲ ಹತ್ತಿದ್ದು ಮಾತ್ರ ಬೇಕಂತೆ ಮಹಾರಾಣಿಗೆ. ಎಲ್ಲಿ, ನಿನ್ನ ಜ್ಯೋತಿಷಿ ಹತ್ರ ಇನ್ನೊಂದ್ಸಲ ಶಾಸ್ತ್ರ ಕೇಳು.”

ತಮಾಷೆಗೆಂದೇ ಅವಳು ಇನ್ನೊಂದು ಎಲೆ ತೆಗೆದು, ತಟ್ಟೆ ದೂರ ಇದ್ದದ್ದರಿಂದ ಮೇಜಿನ ಮೇಲೇ ಇಟ್ಟು ಫೋಟೋ ತೆಗೆದಳು. ನೀರಂಜಿ, ಅರವತ್ತೊಂದು. ಅದರ ಕೆಳಗೆ ಇನ್ನೊಂದು ಹೆಸರು: ಕಣಗಿಲೆ, ಇಪ್ಪತ್ತೆಂಟು. ಎಲೆ ತಿರುಗಿಸಿ ಬೆನ್ನಿನ ಕಡೆಯಿಂದ ತೆಗೆದಳು. ಈ ಸಲ ಕಣಗಿಲೆ ಮೇಲೆ ಬಂತು, ನೀರಂಜಿ ಕೆಳಗಿಳಿಯಿತು.

“ಒಂದೇ ಮೂಟೆಯ ಎಲೆ ಅಲ್ವಾ ಮಾವ? ಇದು ಹೇಗೆ?”

“ಫೋನಿಗೇ ಗೊಂದಲ. ಅದರದ್ದು ತೆಗಿ ನೋಡೋಣ,” ಎಂದು ಕಿಟಕಿ ಪಕ್ಕದ ಕುಂಡದಲ್ಲಿದ್ದ ಬಟ್ಟೆಯ ಗಿಡ ತೋರಿಸಿದ. ಯಾರೋ ಹಳೇ ಅಧಿಕಾರಿ ಬಿಟ್ಟು ಹೋದದ್ದು, ಧೂಳು ಹಿಡಿದಿತ್ತು.

ತೆಗೆದಳು. ಆಪ್ ಅದಕ್ಕೂ ಒಂದು ಬಳ್ಳಿಯ ಹೆಸರು ಕೊಟ್ಟಿತು. ಎಂಬತ್ತೊಂಬತ್ತು.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಲಿಲ್ಲ. ಬಟ್ಟೆಗೂ ಎಂಬತ್ತೊಂಬತ್ತು ಬರುತ್ತದೆ ಅಂದರೆ ಈ ಅಂಕಿ ಯಾವುದರ ಅಂಕಿ? ‘ಇದು ಗಿಡವೇ ಅಲ್ಲ’ ಅನ್ನುವ ಉತ್ತರ ಅದರ ಹತ್ತಿರ ಇದ್ದಂತಿಲ್ಲ. ಗೊತ್ತಿರುವ ಹೆಸರುಗಳಲ್ಲೇ ಯಾವುದನ್ನು ಈ ಫೋಟೋ ಹೆಚ್ಚು ಹೋಲುತ್ತದೆ ಅಂತ ನೂರು ಅಂಕವನ್ನು ಹಂಚಿಕೊಡುತ್ತದೆ, ಅಷ್ಟೆ. ಹಾಗಾದರೆ ಬೆಳಿಗ್ಗೆ ಬಂದ ತೊಂಬತ್ತಮೂರು ಎಲೆಯ ಅಂಕವಲ್ಲ, ಆ ಫೋಟೋದ ಅಂಕ.

ಹೆಸರಿನ ಮೇಲೆ ಒತ್ತಿದರೆ ಗಿಡದ ವಿವರ ಬರುತ್ತಿತ್ತು. ಈ ತನಕ ಒಮ್ಮೆಯೂ ಒತ್ತಿರಲಿಲ್ಲ. ನೀರಂಜಿ: ಎಲೆಯಂಚಿನಲ್ಲಿ ಸಣ್ಣ ಹಲ್ಲುಗಳು, ಎಲೆಗಳು ರೆಂಬೆಯಲ್ಲಿ ಒಂದಾದ ಮೇಲೊಂದು ಬದಲಿ ಬದಲಿ ದಿಕ್ಕಿಗೆ. ಬೆರಳಿನಿಂದ ಅಂಚು ಸವರಿದಳು. ನುಣುಪು. ಇನ್ನೊಂದು ಎಲೆ, ಮತ್ತೊಂದು. ಎಲ್ಲಾ ನುಣುಪು, ಚರ್ಮದ ಹಾಗೆ ದಪ್ಪ. ಬೆಳಕಿಗೆ ಹಿಡಿದರೆ ನಡುನರದಿಂದ ಎರಡೂ ಕಡೆಗೆ ಸಣ್ಣ ನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ನೇರವಾಗಿ ಹೊರಟಿದ್ದವು. ಕಣಗಿಲೆಯ ವಿವರ ತೆರೆದಳು. ನರಗಳ ಮಾತು ಹಾಗೇ ಇತ್ತು. ಅದರ ಕೆಳಗೆ: ಒಂದೊಂದು ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ, ಸುತ್ತಲೂ.

“ಎಲೆ ಕಿತ್ತು ಹಾಕಿದ್ದೀರಲ್ಲ, ಎಷ್ಟಿತ್ತು ಅಂತ ಹೇಗೆ ನೋಡೋದು?”

“ನಾನೆಲ್ಲಿ ಕಿತ್ತೆ? ಕಡ್ಡಿ ಇದೆಯಲ್ಲ ಹಿತ್ತಲಲ್ಲಿ.”

ಇಬ್ಬರೂ ಹೋದರು. ಅವಳು ಒಂದು ಬೋಳು ಕಡ್ಡಿ ಎತ್ತಿ ಬೆರಳುಗಳ ನಡುವೆ ತಿರುಗಿಸಿದಳು. ಎಲೆ ಕಳಚಿದಲ್ಲಿ ಉಗುರಿನಷ್ಟೂ ಇಲ್ಲದ ಗಾಯದ ಗುರುತು. ತಿರುಗಿಸಿದಳು, ಅದೇ ಎತ್ತರದಲ್ಲಿ ಇನ್ನೊಂದು. ಮತ್ತೆ ತಿರುಗಿಸಿದಳು, ಇನ್ನೊಂದು. ಮೇಲಿನ ಗೆಣ್ಣಿನಲ್ಲೂ ಮೂರು. ಬೇರೆ ಕಡ್ಡಿಯಲ್ಲೂ ಮೂರು. ಮೂಟೆಯಲ್ಲಿ, ತಟ್ಟೆಯಲ್ಲಿ, ಫೋಟೋದಲ್ಲಿ ಕಾಣದೇ ಹೋದದ್ದು ಎಸೆದ ಕಡ್ಡಿಯಲ್ಲಿ ಸ್ಪಷ್ಟವಾಗಿತ್ತು.

ಮಾವನ ನಗು ನಿಂತಿತ್ತು. “ಕಣಗಿಲೆ ನನಗೆ ಗೊತ್ತಿಲ್ವೇನೇ? ನಮ್ಮ ಬೀದಿ ತುಂಬ ಇತ್ತು, ದನ ಬಾಯಿ ಹಾಕಿದರೆ ಸಾಯೋ ವಿಷ. ಒಂದು ಹೂವಿದ್ದಿದ್ದರೆ ಆಗಲೇ ಹೇಳ್ತಿದ್ದೆ. ಹೂವೇ ಇಲ್ಲ, ಬರೀ ಎಲೆ, ನೀನು ಬೇರೆ ತೊಂಬತ್ತಮೂರು ಅಂದೆ...”

“ಬೈಯೋದು ಆಮೇಲೆ ಮಾವ. ಓಡಿ. ಮೂಟೆ ಯಾವುದೂ ಆವರಣಕ್ಕೆ ಹೋಗಬಾರದು.”

ಅವಳು ಮೃಗಾಲಯದ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಡಾಕ್ಟರಮ್ಮ ಬಂದು, ಕಡ್ಡಿ ನೋಡಿ, ಎಲೆ ನೋಡಿ, ಮುದುಕಿಯ ದೊಡ್ಡಿಯ ಕಡೆ ನಡೆದರು. ಮುದುಕಿ ಮಲಗಿತ್ತು. ಮರಿ ನಿಂತಿತ್ತು, ಬಾಯಲ್ಲಿ ಜೊಲ್ಲು. ಎರಡಕ್ಕೂ ಒಂದೇ ಬಕೆಟ್ ಅಂತ ಅವಳಿಗೆ ಆಗ ನೆನಪಾಯಿತು. ಡಾಕ್ಟರಮ್ಮ ಮುದುಕಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬಡಿತ ತಪ್ಪಿ ತಪ್ಪಿ ಬರ್ತಿದೆ ಅಂದರು. ಎರಡಕ್ಕೂ ಕೊಳವೆ ಹಾಕಿ ಇದ್ದಿಲಿನ ಪುಡಿ ಕಲಸಿದ ನೀರು ಹೊಟ್ಟೆಗೆ ಇಳಿಸಿದರು, ಸೂಜಿ ಕೊಟ್ಟರು, ಗದ್ದಲ ಮಾಡಬೇಡಿ ಅಂದರು.

“ಬೆಲ್ಲ ಬೆರೆಸದಿದ್ದರೆ ಕಹಿಗೆ ತಾವೇ ಬಿಟ್ಟುಬಿಡ್ತಿದ್ದವೋ ಏನೋ,” ಅಂದಳು ಅವಳು.

“ಇರಬಹುದು. ಎಲೆ ಇನ್ನೂ ಉಳಿದಿದೆಯಾ?”

“ಮೂಟೆ ಎಲ್ಲಾ ಇದೆ. ಸುಟ್ಟುಬಿಡಲಾ?”

“ಬೇಡ, ಇದರ ಹೊಗೆಯೂ ಕೆಟ್ಟದ್ದು. ಪ್ರಾಣಿಗಳು ಓಡಾಡದ ಕಡೆ ಆಳವಾಗಿ ಹೂಳಿಸು. ಇನ್ನು ಮೇಲೆ ಕಡ್ಡಿ ಸಮೇತ ನೋಡದೆ ಎಲೆ ಕೀಳಿಸಬೇಡ. ಆಪ್ ಹೆಸರು ಹೇಳಲಿ, ಬೇಡ ಅನ್ನಲ್ಲ. ಆ ಹೆಸರು ಸರಿಯಾ ಅಂತ ನೋಡೋದು ನಿನ್ನ ಕಣ್ಣು. ಅನುಮಾನ ಬಂದರೆ ಹಾಕಬೇಡ, ನನಗೆ ತೋರಿಸು.”

ಆ ಮಧ್ಯಾಹ್ನ ಹಿಂಡಿಗೆ ಒಣಹುಲ್ಲು ಹಾಕಿದರು. ಅವಳು ಬೋಳು ಕಡ್ಡಿಯೊಂದನ್ನು ಹಿಡಿದುಕೊಂಡೇ ಮೂಟೆಗಳನ್ನು ಎಣಿಸಿದಳು. ಪ್ರತಿ ಗೆಣ್ಣಿನಲ್ಲೂ ಮೂರೇ ಇರುತ್ತದಾ ಅಂತ ನಡುನಡುವೆ ತಿರುಗಿಸಿ ನೋಡುತ್ತಿದ್ದಳು. ಎಳೆಯ ತುದಿಯಲ್ಲಿ ಒಂದು ಕಡೆ ಎರಡೇ ಇತ್ತು. ಆಪಿನ ವಿವರದಲ್ಲಿ ‘ಸಾಮಾನ್ಯವಾಗಿ’ ಅಂತ ಯಾಕೆ ಬರೆದಿದ್ದರು ಅಂತ ಆಗ ತಿಳಿಯಿತು.

ಮುದುಕಿ ಸಂಜೆಗೆ ಸತ್ತಿತು, ಮರಿ ಮರುದಿನ ಬೆಳಿಗ್ಗೆ. ಹಿಂಡಿನಲ್ಲಿ ಯಾವುದಕ್ಕೂ ಏನೂ ಆಗಲಿಲ್ಲ. ಹೋದದ್ದು ಎರಡು ಜಿಂಕೆ, ಹೂತದ್ದು ಏಳು ಮೂಟೆ ಎಲೆ.