ಬಿಡಿ ಸ್ಥಾನದ ಐದು

ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರು ಕೊನೆಯಲ್ಲಿತ್ತು. ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಮಿಡ್ಲ್ ಪರೀಕ್ಷೆಗೆ ಕೂತವರನ್ನು ಖಾನಗಿ ಎಂದು ಕರೆದು ಕಡೆಗೆ ಬರೆಯುತ್ತಿದ್ದರು. ಯಮನೂರಮ್ಮ, ಮಸ್ಕಿ, ಖಾನಗಿ. ಅದರ ಮುಂದೆ ಉರ್ದು ಅಂಕಿಯಲ್ಲಿ ಆರು ವಿಷಯಗಳ ಅಂಕ, ಆಮೇಲೆ ಒಟ್ಟು, ಆಮೇಲೆ ಉರ್ದುವಿನಲ್ಲಿ ಒಂದೇ ಪದ: ನಾಪಾಸು.

ಲಿಂಗಸುಗೂರಿನ ಶಾಲೆಯ ಗೋಡೆಯ ಮುಂದೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ನಾನು ಅವರೆಲ್ಲ ಸರಿಯುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಜೊತೆಗೆ ಇಸ್ಮಾಯಿಲ್‌ಸಾಬರು ಇದ್ದರು. ಅವರು ಮಸ್ಕಿಯಲ್ಲಿ ನಮ್ಮ ನೆರೆಮನೆಯವರು. ಹಿಂದೆ ಶಾಲೆಯಲ್ಲಿ ಉರ್ದು ಕಲಿಸುವ ಮುನಶಿಯಾಗಿದ್ದರು. ಗಂಡ ಸತ್ತು ನಾನು ತವರಿಗೆ ಬಂದಾಗ ನನಗೆ ಹದಿನಾಲ್ಕು. ಮೂಲೆಯಲ್ಲಿ ಕೂತಿದ್ದವಳಿಗೆ ಒಂದು ದಿನ ಅವರು ಪಾಟಿ, ಬಳಪ ತಂದುಕೊಟ್ಟು, "ಸುಮ್ಮನ ಕುಂತ್ರ ಹೊತ್ತು ಹೋಗಂಗಿಲ್ಲ ಬೇಟಿ, ಬರಿ" ಎಂದಿದ್ದರು. ಉರ್ದು, ಲೆಕ್ಕ, ಭೂಗೋಳ ಎಲ್ಲ ಅವರು ಕಲಿಸಿದ್ದೇ. ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು.

"ಏನೈತಿ?" ಎಂದರು.

"ನಾಪಾಸು, ಕಾಕಾ."

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಕಟ್ಟೆಯ ಧೂಳು ಒರೆಸಿ, ನನಗೆ ಕೂಡಲು ಜಾಗ ಮಾಡಿದರು.

ನಾನು ಕೂಡಲಿಲ್ಲ. ಮಸ್ಕಿಗೆ ಒಂದು ಹೆಣ್ಣುಮಕ್ಕಳ ಶಾಲೆ ಮಂಜೂರಾಗಿತ್ತು. ಮಿಡ್ಲ್ ಪರೀಕ್ಷೆ ಪಾಸಾದ ಹೆಂಗಸೊಬ್ಬಳು ಊರಲ್ಲೇ ಇದ್ದರೆ ಮಾತ್ರ ಅದು ನಮಗೆ, ಇಲ್ಲದಿದ್ದರೆ ಸಿಂಧನೂರಿಗೆ. ಬರುವ ಸೋಮವಾರ ತಾಲೀಮಾತಿನ ಮುಹ್ತಮಿಮ್ ಸಾಹೇಬರು, ಅಂದರೆ ಶಾಲೆಗಳ ತನಿಖಾಧಿಕಾರಿ, ಮಸ್ಕಿಗೆ ಬಂದು ಅದನ್ನು ತೀರ್ಮಾನಿಸುವವರಿದ್ದರು. ಆಗಲೇ ನಮ್ಮ ಪಡಸಾಲೆಗೆ ಕೆಲವು ಹುಡುಗಿಯರು ಪಾಟಿ ಹಿಡಿದು ಬರುತ್ತಿದ್ದರು. ಸಿಂಧನೂರು ಅವರಿಗೆ ಹೈದರಾಬಾದಿನಷ್ಟೇ ದೂರ.

ಜನ ಕರಗಿದ ಮೇಲೆ ಮತ್ತೆ ಹಾಳೆಯ ಮುಂದೆ ನಿಂತೆ. ಮೂವತ್ತೈದು, ಅರವತ್ತೊಂದು, ಮೂವತ್ಮೂರು, ಮೂವತ್ತೆಂಟು, ನಲವತ್ತೈದು, ಮೂವತ್ನಾಲ್ಕು. ಯಾವ ವಿಷಯದಲ್ಲೂ ಮೂವತ್ಮೂರಕ್ಕೆ ಕಡಿಮೆಯಿಲ್ಲ. ಹಾಗಾದರೆ ಬಿದ್ದದ್ದು ಒಟ್ಟಿನಲ್ಲಿ. ಒಟ್ಟು ಇನ್ನೂರ ನಲವತ್ತು ಬೇಕು. ಅಲ್ಲಿ ಬರೆದದ್ದು ಇನ್ನೂರ ಮೂವತ್ತಾರು. ನಾನು ಕೂಡಿಸಿದೆ. ಇನ್ನೂರ ನಲವತ್ತಾರು ಬಂತು. ಕಡೆಯ ಅಂಕದಿಂದ ಮೊದಲಿನದಕ್ಕೆ ಹಿಂದುಮುಂದಾಗಿ ಕೂಡಿಸಿದೆ. ಇನ್ನೂರ ನಲವತ್ತಾರೇ.

ಶಾಲೆಯ ಗುಮಾಸ್ತ ಗೋಪಣ್ಣನವರು ಅಲ್ಲಿನ ಪಡಸಾಲೆಯಲ್ಲಿ ಕೂತಿದ್ದರು. ಇಪ್ಪತ್ತು ವರ್ಷ ಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು, ಆ ವರ್ಷವಷ್ಟೇ ಶಾಲೆಗೆ ಬಂದವರು. ನಾನು ಹೇಳಿದ್ದನ್ನು ಕೇಳಿ ಮೊದಲು ಒಂದು ಚರಿಗೆ ನೀರು ಕೊಟ್ಟರು.

"ಕುಡೀವಾ ತಂಗಿ. ಬಿಸಿಲಾಗ ಬಂದೀ." ಆಮೇಲೆ ಅಂದರು, "ಫೇಲಾದೋರೆಲ್ಲ ಬಂದು ಮತ್ತ ಕೂಡಿಸ್ರಿ ಅಂತಾರ. ಪಾಸಾದೋರು ಒಬ್ರರ ಬಂದು ಕೂಡಿಸ್ರಿ ಅಂದಾರೇನು?"

"ನನ್ನ ಸಾಲು ಒಂದ್ಸಲ ನೀವೇ ಕೂಡಿಸ್ರೀ."

"ಕೂಡಿಸಿದ್ರ ಏನಾತು? ಅಂಕ ಏರಿಸಿ ಬರದಿರಬೇಕು, ಒಟ್ಟು ಖರೇ ಇರಬೇಕು. ಎರಡರಾಗ ಯಾವುದು ತಪ್ಪು ಅಂತ ಗ್ವಾಡಿ ಹೇಳತೈತೇನು? ಮೊಹರು ಬಿದ್ದು ಗ್ವಾಡಿಗೆ ಹತ್ತಿದ್ದು ಅದು. ಹಂಗ ಬದಲಾಗಂಗಿಲ್ಲ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಲೆಕ್ಕ ಹೊಂದದಿದ್ದರೆ ತಪ್ಪಿದೆ ಎಂದಷ್ಟೇ ಗೊತ್ತಾಗುತ್ತದೆ. ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನನ್ನ ಒಂದು ಸಾಲಿನಿಂದ ನನ್ನ ಮಾತು ನಿಲ್ಲುವಂತಿರಲಿಲ್ಲ.

ಮತ್ತೆ ಗೋಡೆಗೆ ಹೋದೆ. ಮೊದಲ ಸಾಲಿನಿಂದ ಎಲ್ಲರ ಅಂಕಗಳನ್ನೂ ಕೂಡಿಸತೊಡಗಿದೆ. ಪಾಟಿ ಇರಲಿಲ್ಲ, ನೆಲದ ಧೂಳಿನಲ್ಲೇ ಬೆರಳಿನಿಂದ ಬರೆದೆ, ಅಳಿಸಿದೆ. ಇಬ್ಬರು ಹುಡುಗರು ಬಂದು ನಿಂತರು.

"ಅಕ್ಕಾರ ಹೊಸಾ ಇನಿಸ್ಪೆಕ್ಟರ್ ಬಂದಾರಲೇ," ಎಂದ ಒಬ್ಬ.

"ನಿನ್ನ ಹೆಸರೇನಪ್ಪಾ?" ಎಂದೆ.

"ಬಸ್ಸಪ್ಪ. ಮುದಗಲ್ಲಿನವ. ನಂದು ಪಾಸು."

"ನಿಂಗೂ ಹತ್ತು ಕಮ್ಮಿ ಕೊಟ್ಟಾರ ನೋಡು."

ಅವನ ನಗು ನಿಂತಿತು. ಕೂತು ಅವನೂ ಕೂಡಿಸಿದ. ಕೂಡಿಸಿ ಎದ್ದವನು, ಬಿಸಿಲು ನನ್ನ ಮೇಲೆ ಬೀಳುತ್ತದೆಂದು, ನನ್ನ ಪಕ್ಕಕ್ಕೆ ಬಂದು ನೆರಳಾಗಿ ನಿಂತ.

ಕೆಲವು ಸಾಲು ಸರಿಯಾಗಿದ್ದವು. ಕೆಲವು ತಪ್ಪಿದ್ದವು. ತಪ್ಪಿದ ಕಡೆಯೆಲ್ಲ ಒಟ್ಟು ಕಡಿಮೆಯೇ. ಹೆಚ್ಚು ಎಲ್ಲೂ ಇಲ್ಲ. ಕಡಿಮೆಯಾದದ್ದೂ ಐದು, ಹತ್ತು, ಒಂದೆರಡು ಕಡೆ ಹದಿನೈದು. ಕೈತಪ್ಪಿನಿಂದ ಕೂಡಿಸಿದರೆ ಒಮ್ಮೆ ಒಂದು, ಒಮ್ಮೆ ಹತ್ತು, ಒಮ್ಮೆ ಮೂರು ಹೋಗಬೇಕು. ಇಲ್ಲಿ ಹೋಗುತ್ತಿದ್ದುದು ಐದೈದೇ.

ಆಗ ನನಗೆ ನಮ್ಮ ಪಡಸಾಲೆಯ ಪೀರಮ್ಮ ನೆನಪಾದಳು. ಏಳು ವರ್ಷದವಳು. ಕನ್ನಡ ಅಂಕಿ ಮೊದಲು ಕಲಿತು ಆಮೇಲೆ ಉರ್ದು ಅಂಕಿಗೆ ಬಂದಿದ್ದಳು. ಉರ್ದುವಿನಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕೆ. ಐದು ಎಂದರೆ ಒಂದು ಪುಟ್ಟ ಸುತ್ತು. ಅವಸರದಲ್ಲಿ ಬರೆದರೆ ನಮ್ಮ ಕನ್ನಡದ ಸೊನ್ನೆಯೇ. ಪೀರಮ್ಮ ಆ ಸುತ್ತನ್ನು ಕಂಡಾಗಲೆಲ್ಲ "ಸೊನ್ನಿ" ಎನ್ನುತ್ತಿದ್ದಳು, ಎಷ್ಟು ತಿದ್ದಿದರೂ.

ತಪ್ಪಿದ ಸಾಲುಗಳನ್ನು ಮತ್ತೆ ನೋಡಿದೆ. ಬಿಡಿ ಸ್ಥಾನದಲ್ಲಿ ಒಂದು ಐದಿದ್ದರೆ ಐದು ಕಡಿಮೆ. ಎರಡಿದ್ದರೆ ಹತ್ತು. ಒಂದೂ ಇಲ್ಲದ ಕಡೆ ಒಟ್ಟು ಸರಿ. ನನ್ನ ಸಾಲಿನಲ್ಲಿ ಮೂವತ್ತೈದು, ನಲವತ್ತೈದು: ಎರಡು.

ಗೋಪಣ್ಣನವರಲ್ಲಿಗೆ ಹೋಗಲಿಲ್ಲ. ನೇರ ಹೆಡ್‌ಮಾಸ್ತರ್ ಸಾಹೇಬರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಅವರು ಹೈದರಾಬಾದಿನ ಕಡೆಯವರು, ನಮ್ಮ ಮಾತು ಕಲಿತು ಆಡುತ್ತಿದ್ದರು.

"ಏನಮ್ಮಾ? ಪೇಪರು ಮತ್ತೆ ನೋಡೋ ಕಾಯ್ದೆ ಇಲ್ಲ."

"ಪೇಪರು ನೋಡೂದು ಬ್ಯಾಡ್ರಿ ಸಾಹೇಬ್ರ. ಒಟ್ಟು ಕೂಡಿಸೂದಕ್ಕ ಕಾಯ್ದೆ ಐತಲ್ರಿ?"

"ಐತಿ. ದರಖಾಸ್ತು ಕೊಡಬೇಕು. ನಿನ್ನದೊಂದೇ ಸಾಲು ನೋಡ್ತೀವಿ."

"ನಂದೊಂದ ನೋಡಿದ್ರ ಆಗಂಗಿಲ್ರಿ. ಭಾಳ ಮಂದೀದು ತಪ್ಯಾವ. ಬರ್ರಿ, ತೋರಸ್ತೀನಿ. ಒಟ್ಟಿನ ಕಡೀ ನಾ ನೋಡಂಗಿಲ್ಲ, ಅದನ್ನ ನೀವು ಮುಚ್ಚಿ ಹಿಡೀರಿ. ಗ್ವಾಡಿ ಮ್ಯಾಗ ಏನು ಬರದಾರ ಅಂತ ನಾ ಹೇಳ್ತೀನಿ. ಖರೇ ಒಟ್ಟೂ ಹೇಳ್ತೀನಿ."

ಅವರು ನನ್ನನ್ನು ನೋಡಿದರು. ಮೇಜಿನ ಮೇಲಿನ ರೂಲುಕೋಲು ತೆಗೆದುಕೊಂಡು ಎದ್ದರು.

ಗೋಡೆಯ ಹತ್ತಿರ ಅವರು ಕೋಲನ್ನು ಒಟ್ಟುಗಳಿಗೆ ಅಡ್ಡ ಹಿಡಿದರು. ಇಸ್ಮಾಯಿಲ್‌ಸಾಬರು ಮರದ ಕೆಳಗಿನಿಂದ ಎದ್ದು ಬಂದರು. ಗೋಪಣ್ಣನವರೂ ಬಂದರು.

"ಇದು," ಎಂದು ಸಾಹೇಬರು ಬಸ್ಸಪ್ಪನ ಸಾಲು ತೋರಿಸಿದರು. ಆ ಸಾಲನ್ನು ನಾನು ಮೊದಲೇ ನೋಡಿದ್ದೆ, ಅದನ್ನೇ ಹೇಳಿದೆ. "ಇದು ನಂಗ ಗೊತ್ತೈತ್ರಿ. ಆದ್ರ ಹೆಂಗ ಅಂತ ಕೇಳ್ರಿ. ನಲವತ್ತೈದು, ಅರವತ್ತೆರಡು, ಮೂವತ್ತೆಂಟು, ಐವತ್ತೈದು, ನಲವತ್ತೊಂದು, ನಲವತ್ತೇಳು. ಖರೇ ಒಟ್ಟು ಇನ್ನೂರ ಎಂಬತ್ತೆಂಟು. ಬಿಡಿ ಸ್ಥಾನದಾಗ ಐದು ಎರಡ ಅದಾವ. ಅದಕ್ಕ ಇನ್ನೂರ ಎಪ್ಪತ್ತೆಂಟು ಬರದಾರ. ಇನ್ನು ನಾ ನೋಡದಿದ್ದ ಹಾಳಿ ಯಾವುದರ ಇದ್ರ ತರ್ರಿ."

ಸಾಹೇಬರು ಕೋಣೆಗೆ ಹೋಗಿ, ಗೋಡೆಗೆ ಇನ್ನೂ ಅಂಟಿಸದಿದ್ದ ಹಾಳೆಯೊಂದನ್ನು ತಂದರು. ಪಕ್ಕದ ಊರುಗಳ ಹುಡುಗರದ್ದು. ಅಂಗೈಯಿಂದ ಒಟ್ಟುಗಳನ್ನು ಮುಚ್ಚಿ ಒಂದು ಸಾಲು ತೋರಿಸಿದರು.

"ಐವತ್ತೆರಡು, ನಲವತ್ನಾಲ್ಕು, ಮೂವತ್ತೊಂಬತ್ತು, ಅರವತ್ತೊಂದು, ಮೂವತ್ತಾರು, ನಲವತ್ಮೂರು. ಇದು ಸರಿ ಇರತೈತ್ರಿ. ಇನ್ನೂರ ಎಪ್ಪತ್ತೈದು."

ಅಂಗೈ ತೆಗೆದರು. ಸರಿಯಿತ್ತು.

"ಯಾಕೆ? ಇಲ್ಲೂ ಐದು ಐತಲ್ಲ, ಐವತ್ತೆರಡರಲ್ಲಿ."

"ಅದು ಹತ್ತರ ಸ್ಥಾನದಾಗ ಐತ್ರಿ. ಸೊನ್ನಿಯಿಂದ ಯಾವ ಅಂಕಾನೂ ಸುರು ಆಗಂಗಿಲ್ಲ. ಅಲ್ಲಿ ಕಣ್ಣು ತಾನ ಐದು ಅಂತ ಓದತೈತಿ. ಬಿಡಿ ಸ್ಥಾನದಾಗ ಆ ಸುತ್ತು ಕಂಡ್ರ, ಕನ್ನಡದಾಗ ಲೆಕ್ಕ ಬರದು ಬರದು ರೂಢಿ ಆದವ್ರಿಗೆ, ಸೊನ್ನಿ ಅನಸ್ತೈತಿ. ಸೊನ್ನಿ ಯಾರೂ ಕೂಡಸಂಗಿಲ್ಲ. ಬಿಟ್ಟು ಮುಂದಕ್ಕ ಹೋಗ್ತಾರ."

ನಾನು ಯಾರ ಕಡೆಗೂ ನೋಡಲಿಲ್ಲ. ಒಟ್ಟು ಹಾಕಿದವರು ಯಾರೆಂದು ನನಗೆ ಆವರೆಗೂ ನಿಜವಾಗಿ ತಿಳಿದಿರಲಿಲ್ಲ. ಆದರೆ ಗೋಪಣ್ಣನವರ ಅಡತಿ ಅಂಗಡಿಯ ಲೆಕ್ಕ ನೆನಪಾಗಿತ್ತು.

ಗೋಪಣ್ಣನವರು ಮುಂದೆ ಬಂದು ಹಾಳೆಗೆ ಮುಖ ಹತ್ತಿರ ಮಾಡಿ, ಒಂದು ಸಾಲಿನ ಕೆಳಗೆ ಬೆರಳಾಡಿಸಿದರು. ತುಟಿ ಅಲುಗುತ್ತಿತ್ತು. ಆಮೇಲೆ ಟೋಪಿ ತೆಗೆದರು.

"ಸಾಹೇಬ್ರ, ಇದು ನಂದ ಕೈ. ಹತ್ತರದ್ದು ಒಂದು ಕಡಿ ಕೂಡಸ್ತೀನಿ, ಬಿಡೀದು ಒಂದು ಕಡಿ. ಅಂಗಡ್ಯಾಗ ಹಂಗ ಮಾಡ್ತಿದ್ದೆ. ಬಿಡಿ ಓಡಸ್ಕೋತ ಹೋಗೂವಾಗ... ಹೌದ್ರಿ. ಸೊನ್ನಿ ಅಂತ ಬಿಟ್ಟೀನಿ. ಈಕಿ ಹೇಳಿದ್ದು ಬರೋಬರಿ."

ಸುಮ್ಮನಿದ್ದಿದ್ದರೆ ಅವರು ಉಳಿಯಬಹುದಿತ್ತು. ಅಂಕ ಬರೆದವರ ತಪ್ಪು ಎಂದು ಮತ್ತೆ ಹೇಳಬಹುದಿತ್ತು. ಹೊಸ ನೌಕರಿ, ಇನ್ನೂ ಕಾಯಂ ಆಗದ್ದು.

ಸಾಹೇಬರು ಪೆಟ್ಟಿಗೆಯ ಕೀಲಿ ತೆಗೆಸಿದರು. ಪ್ರತಿಯೊಂದು ವಿಷಯದ ಪರೀಕ್ಷಕರು ಸಹಿ ಮಾಡಿ ಕಳಿಸಿದ ಅಂಕಪಟ್ಟಿಗಳು ಅದರಲ್ಲಿದ್ದವು. ಅಲ್ಲಿ ಅಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಿದ್ದರು. ನನ್ನ ಉರ್ದುವಿನ ಮುಂದೆ ಅಕ್ಷರದಲ್ಲಿ ಮೂವತ್ತೈದು ಎಂದೇ ಇತ್ತು. ಇನ್ನೊಂದು ಪಟ್ಟಿಯಲ್ಲಿ ನಲವತ್ತೈದು. ಗೋಡೆಯ ಮೇಲಿನ ಅಂಕಗಳು ಸರಿ, ಒಟ್ಟು ತಪ್ಪು ಎಂಬುದು ಅಲ್ಲಿಗೆ ಮುಗಿಯಿತು.

"ಮೊದಲಿಂದ ಎಲ್ಲ ಕೂಡಿಸ್ಬೇಕು," ಎಂದರು ಸಾಹೇಬರು. "ಪಾಸಾದೋರಿಗೆ ಕೊಡೋ ಸನದುಗಳು ಇನ್ನೂ ಬರೆದಿಲ್ಲ, ಬಚಾವಾಯ್ತು. ಗೋಪಣ್ಣಾ, ನೀನು ಬರಿ. ಓದೋರು ಬೇರೆ ಇರ್ಬೇಕು." ನನ್ನ ಕಡೆ ತಿರುಗಿದರು. "ನಿನ್ನ ಸಾಲು ಬಂದಾಗ ಮಾತ್ರ ನಾನು ಓದ್ತೀನಿ."

ಹಾಗೆ ಕೂತೆವು. ನಾನು ಓದುವುದು, ಗೋಪಣ್ಣನವರು ಬರೆದು ಕೂಡಿಸುವುದು, ಸಾಹೇಬರು ತಾಳೆ ನೋಡುವುದು. ಐದು ಬಂದಾಗಲೆಲ್ಲ ನಾನು ಸ್ವಲ್ಪ ಜೋರಾಗಿ ಹೇಳುತ್ತಿದ್ದೆ.

"ಕಿವಿ ಕೇಳಸ್ತೈತ್ರೀ ತಂಗಿ," ಎಂದರು ಗೋಪಣ್ಣನವರು, ತಲೆ ಎತ್ತದೆ. "ಕಣ್ಣಷ್ಟ ಮೋಸ ಮಾಡ್ಯಾವ."

ಸಾಹೇಬರೂ ನಕ್ಕರು. ಅಲ್ಲಿಂದ ಕೆಲಸ ಬೇಗ ಸಾಗಿತು. ಸಂತೆಕಲ್ಲೂರಿನ ಅಂಬಪ್ಪ ಎಂಬ ಹುಡುಗನಿಗೆ ಇನ್ನೂರ ಮೂವತ್ತೇಳು ಇದ್ದದ್ದು ಇನ್ನೂರ ನಲವತ್ತೆರಡಾಯಿತು. ಅವನು ಬೆಳಿಗ್ಗೆಯೇ ಅಳುತ್ತ ಊರಿಗೆ ಹೋಗಿದ್ದನಂತೆ. ಬಸ್ಸಪ್ಪ ಬಾಗಿಲಲ್ಲೇ ನಿಂತಿದ್ದವನು, "ನಾ ಹೋಗಿ ಹೇಳ್ತೀನ್ರಿ, ನಮ್ಮೂರ ದಾರ್ಯಾಗ ಸ್ವಲ್ಪ ಸುತ್ತು ಆದ್ರೂ ಆಗ್ಲಿ" ಎಂದು ಓಡಿದ.

ಕೊನೆಯ ಸಾಲಿಗೆ ಸಾಹೇಬರು ಹಾಳೆ ನನ್ನ ಕೈಯಿಂದ ತೆಗೆದುಕೊಂಡು ಓದಿದರು. ಗೋಪಣ್ಣನವರು ಕೂಡಿಸಿ, ಮತ್ತೊಮ್ಮೆ ಕೂಡಿಸಿ, ನನ್ನ ಕಡೆ ನೋಡದೆ ಬರೆದರು. ಮಸಿ ಒಣಗಲೆಂದು ಬರೆದದ್ದಕ್ಕೆ ಮರಳು ಉದುರಿಸಿದರು.

ಹೊಸ ಹಾಳೆಯ ಕೆಳಗೆ ಸಾಹೇಬರು ಉರ್ದುವಿನಲ್ಲಿ ಒಂದು ಸಾಲು ಸೇರಿಸಿದರು: ಒಟ್ಟುಗಳನ್ನು ಮರುಪರಿಶೀಲಿಸಿ ಸರಿಪಡಿಸಲಾಗಿದೆ. ಯಾರ ತಪ್ಪು ಎಂದು ಬರೆಯಲಿಲ್ಲ. ಅದರ ನಕಲೊಂದನ್ನು ಮೊಹರು ಹಾಕಿ ನನ್ನ ಕೈಗೆ ಕೊಟ್ಟರು. "ಸೋಮವಾರ ಮುಹ್ತಮಿಮ್ ಸಾಹೇಬರಿಗೆ ತೋರಿಸು. ಅವರು ಕೂಡಿಸಿ ನೋಡ್ತಾರೆ. ನೋಡ್ಲಿ."

ಹಳೆಯ ಹಾಳೆಯ ಮೇಲೆ ಹೊಸದನ್ನು ಗೋಪಣ್ಣನವರೇ ಅಂಟಿಸಿದರು. ಗಂಜಿ ಇನ್ನೂ ಹಸಿಯಿತ್ತು. ಇಸ್ಮಾಯಿಲ್‌ಸಾಬರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ನಂಗ ಕಾಣಸಂಗಿಲ್ಲ ಬೇಟಿ. ನೀನ ಓದು."

"ಯಮನೂರಮ್ಮ, ಮಸ್ಕಿ, ಖಾನಗಿ," ಎಂದೆ. ಆಮೇಲೆ ಆರು ಅಂಕಗಳನ್ನೂ ಒಂದೊಂದಾಗಿ ಓದಿದೆ. ಅವರು ಬೆರಳು ಮಡಚುತ್ತ ಮನಸ್ಸಿನಲ್ಲೇ ಕೂಡಿಸುತ್ತಿದ್ದರು. ನಾನು ಒಟ್ಟು ಹೇಳುವ ಮೊದಲೇ, "ಇನ್ನೂರ ನಲವತ್ತಾರು," ಎಂದರು. "ಲೆಕ್ಕದಾಗ ಬರೇ ಅರವತ್ತೊಂದ ಯಾಕ ಬಂತು? ಏನು ತಪ್ಪಿದ್ದಿ?"

ಮಸ್ಕಿಗೆ ಹೋಗುವ ಮೋಟಾರಿನಲ್ಲಿ ದಾರಿಯುದ್ದಕ್ಕೂ ಅವರು ಆ ಮೂವತ್ತೊಂಬತ್ತು ಅಂಕ ಎಲ್ಲಿ ಹೋಯಿತೆಂದು ಕೇಳುತ್ತಲೇ ಇದ್ದರು. ನಾನು ಮೊಹರಿನ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ಬೆಳಿಗ್ಗೆ ಪಡಸಾಲೆಗೆ ಬರುವ ಪೀರಮ್ಮನಿಗೆ ಮೊದಲು ಯಾವ ಅಂಕಿ ಬರೆಸಬೇಕು ಎಂದು ಯೋಚಿಸುತ್ತಿದ್ದೆ.